ಇಬ್ಬರು ದಾನಿಗಳು, ಒಂದೇ ಬಜೆಟ್: ಯೂರೋಗೂ ಡಾಲರ್‌ಗೂ ಲೆಕ್ಕ ಹೊಂದಿಸುವುದು ಹೇಗೆ?

ಪ್ರಶ್ನೆ: ನಮ್ಮ ಸಂಸ್ಥೆಯ ಒಂದೇ ಕಾರ್ಯಕ್ರಮಕ್ಕೆ ಇಬ್ಬರು ವಿದೇಶಿ ದಾನಿಗಳು ಹಣ ಕೊಡುತ್ತಿದ್ದಾರೆ. ಒಬ್ಬರದು ಯೂರೋ, ಇನ್ನೊಬ್ಬರದು ಡಾಲರ್. ಇಬ್ಬರ ನಮೂನೆಯೂ ಬೇರೆ, ಹೆಡ್‌ಗಳೂ ಬೇರೆ. ಎರಡು ಬಜೆಟ್ ಮಾಡಬೇಕೇ? ಬಜೆಟ್‌ನಲ್ಲಿ ಹಾಕಿದ ವಿನಿಮಯ ದರದಲ್ಲೇ ಖರ್ಚಿನ ವರದಿಯನ್ನೂ ಕೊಟ್ಟರೆ ಸಾಕಲ್ಲವೇ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ, ಬೇಡ. ಎರಡನೆಯದಕ್ಕೆ, ಸಾಲದು. ಎಷ್ಟು ಸಲ ಹೇಳಿದರೂ ಈ ಎರಡನೆಯದು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹಾಗಾಗಿ ಈ ಸಲ ಅದನ್ನು ಅಂಕಿಗಳನ್ನಿಟ್ಟೇ ಬಿಡಿಸುತ್ತೇನೆ. ಅದಕ್ಕೂ ಮುನ್ನ ಹೆಡ್‌ಗಳ ವಿಷಯ ಮುಗಿಸಿಬಿಡೋಣ.

ಬಜೆಟ್ ಒಂದೇ ಇರಬೇಕು, ಅದು ರೂಪಾಯಿಯಲ್ಲಿರಬೇಕು. ನೀವು ಸಂಬಳ ಕೊಡುವುದು, ಬಸ್ ಚಾರ್ಜ್ ಕೊಡುವುದು, ಬಿಲ್ ಪಡೆಯುವುದು ಎಲ್ಲವೂ ರೂಪಾಯಿಯಲ್ಲಿ. ದಾನಿಗಳ ನಮೂನೆಗಳು ಆ ಒಂದು ಬಜೆಟ್ಟಿನ ಎರಡು ನೋಟಗಳು, ಅಷ್ಟೆ. ನಮೂನೆಯಲ್ಲಿ ನೇರವಾಗಿ ಅಂಕಿ ಬರೆಯಲು ಕೂತರೆ ಮೂರನೇ ತಿದ್ದುಪಡಿಯ ಹೊತ್ತಿಗೆ ಎರಡೂ ಎರಡು ದಿಕ್ಕಿಗೆ ಹೋಗಿರುತ್ತವೆ.

ಉದಾಹರಣೆಗೆ, ಹಳ್ಳಿಗಳಲ್ಲಿ ಮಕ್ಕಳ ಓದಿನ ಕೇಂದ್ರ ನಡೆಸುವ ಕಾರ್ಯಕ್ರಮದ ಒಂದು ವರ್ಷದ ಬಜೆಟ್ಟಿನಿಂದ ಐದು ಬಾಬ್ತು ತೆಗೆದುಕೊಳ್ಳಿ. ಆರು ಜನ ಕಾರ್ಯಕರ್ತರಿಗೆ ತಿಂಗಳಿಗೆ ₹18,000ದಂತೆ ಸಂಬಳ ₹12,96,000. ಸಂಸ್ಥೆ ಕಟ್ಟುವ ಪಿಎಫ್ ಮತ್ತು ಇಎಸ್‌ಐ ಪಾಲು ತಲೆಗೆ ತಿಂಗಳಿಗೆ ₹2,535, ವರ್ಷಕ್ಕೆ ಒಟ್ಟು ₹1,82,520. ಬಸ್ ಚಾರ್ಜ್ ₹1,08,000. ಹಳ್ಳಿಗೆ ಹೋದ ದಿನದ ಭತ್ಯೆ, ನಾವೆಲ್ಲ ಬಾಟಾ ಎನ್ನುವುದು, ₹1,44,000. ನಾಲ್ಕು ಲ್ಯಾಪ್‌ಟಾಪ್ ₹1,80,000. ಒಟ್ಟು ₹19,10,520.

ಯೂರೋ ದಾನಿ ಐರೋಪ್ಯ ಒಕ್ಕೂಟದ ಅನುದಾನ ನಮೂನೆ ಬಳಸುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿ ಸಂಬಳ ಮತ್ತು ಪಿಎಫ್ ಒಟ್ಟಿಗೆ 'ಮಾನವ ಸಂಪನ್ಮೂಲ'ದಲ್ಲಿ ಸೇರುತ್ತವೆ. ಬಾಟಾ ಕೂಡ ಅಲ್ಲೇ, ಪ್ರಯಾಣದಲ್ಲಲ್ಲ. ಹಾಗಾಗಿ ಮಾನವ ಸಂಪನ್ಮೂಲ ₹16,22,520, ಪ್ರಯಾಣ ₹1,08,000, ಉಪಕರಣ ಮತ್ತು ಸಾಮಗ್ರಿ ₹1,80,000.

ಡಾಲರ್ ದಾನಿ ಅಮೆರಿಕದ ಫೆಡರಲ್ ಅನುದಾನಗಳ ಎಸ್‌ಎಫ್-424ಎ ನಮೂನೆ ಕೇಳುತ್ತಾರೆ ಎಂದುಕೊಳ್ಳಿ. ಅಲ್ಲಿ ಸಂಬಳ ಒಂದು ಹೆಡ್, ಪಿಎಫ್-ಇಎಸ್‌ಐ ಇನ್ನೊಂದು ಹೆಡ್. ಬಾಟಾ ಪ್ರಯಾಣಕ್ಕೆ ಹೋಗುತ್ತದೆ, ಆದ್ದರಿಂದ ಪ್ರಯಾಣ ₹2,52,000 ಆಗುತ್ತದೆ. ಲ್ಯಾಪ್‌ಟಾಪ್ ಹೆಸರಿಗೆ ಉಪಕರಣವಾದರೂ ಇಲ್ಲಿ 'ಉಪಕರಣ'ವಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಬಾಳಿಕೆಯ ಜೊತೆಗೆ ಒಂದೊಂದರ ಬೆಲೆ ನಿಗದಿತ ಮಿತಿ ಮುಟ್ಟಿದರೆ ಮಾತ್ರ ಉಪಕರಣ. ಆ ಮಿತಿ ಹಿಂದೆ 5,000 ಡಾಲರ್ ಇತ್ತು, 2024ರ ಅಕ್ಟೋಬರ್‌ನಿಂದ 10,000 ಡಾಲರ್. ₹45,000ದ ಲ್ಯಾಪ್‌ಟಾಪ್ ಅದರ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ 'ಸಾಮಗ್ರಿ'ಗೆ ಸೇರುತ್ತದೆ. ಇಲ್ಲೂ ಒಟ್ಟು ಅದೇ ₹19,10,520.

ಇದರಿಂದ ಮೂಲ ಬಜೆಟ್ ಬರೆಯುವ ಸೂತ್ರ ತಾನಾಗಿ ಸಿಗುತ್ತದೆ. ಯಾವ ನಮೂನೆಯಲ್ಲೂ ಒಡೆದು ಎರಡು ಹೆಡ್‌ಗೆ ಹಂಚಬೇಕಾಗದಷ್ಟು ಸಣ್ಣದಾಗಿ ಪ್ರತಿ ಬಾಬ್ತು ಇರಬೇಕು. 'ಕ್ಷೇತ್ರ ಭೇಟಿ ವೆಚ್ಚ ₹2,52,000' ಎಂದು ಒಂದೇ ಸಾಲು ಬರೆದಿದ್ದರೆ ಡಾಲರ್ ನಮೂನೆಗೆ ಸರಿಹೋಗುತ್ತಿತ್ತು, ಯೂರೋ ನಮೂನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ವರ್ಷದ ಕೊನೆಗೆ ವೌಚರ್‌ಗಳನ್ನು ಮತ್ತೆ ಬಿಡಿಸಿ ಬಸ್ ಎಷ್ಟು, ಬಾಟಾ ಎಷ್ಟು ಎಂದು ಹುಡುಕುವ ಪಾಡು ಬರುವುದು ಇಂಥ ಸಾಲುಗಳಿಂದಲೇ.

ಎಕ್ಸೆಲ್‌ನಲ್ಲಿ ಪ್ರತಿ ಬಾಬ್ತಿನ ಎದುರು ಯೂರೋ ನಮೂನೆಯ ಹೆಡ್, ಡಾಲರ್ ನಮೂನೆಯ ಹೆಡ್, ಯಾರ ಪಾಲು ಎಷ್ಟು ರೂಪಾಯಿ ಎಂಬ ಕಾಲಂಗಳನ್ನು ಇಡಿ. ಇಬ್ಬರ ಪಾಲು ಸೇರಿ ಬಾಬ್ತಿನ ಒಟ್ಟು ಮೊತ್ತವನ್ನು ಒಂದು ರೂಪಾಯಿಯೂ ಮೀರಬಾರದು. ಮೀರಿದರೆ ಒಂದೇ ಖರ್ಚಿಗೆ ಎರಡು ಕಡೆ ಹಣ ಪಡೆದಂತೆ. ನಮೂನೆಯ ಹಾಳೆಯಲ್ಲಿ ಅಂಕಿ ಟೈಪ್ ಮಾಡಬೇಡಿ, ಹೆಡ್‌ನ ಹೆಸರು ನೋಡಿ ಮೊತ್ತ ತಾನೇ ಬರಲಿ:

```
=SUMIFS(Master!G:G, Master!E:E, A5)
```

ಇಲ್ಲಿ Master ಮೂಲ ಬಜೆಟ್ಟಿನ ಹಾಳೆ, E ಕಾಲಂ ಯೂರೋ ದಾನಿಯ ಹೆಡ್, G ಅವರ ಪಾಲಿನ ರೂಪಾಯಿ, A5 ನಮೂನೆಯಲ್ಲಿರುವ ಹೆಡ್‌ನ ಹೆಸರು. ರೂಪಾಯಿಯಿಂದ ಯೂರೋಗೆ ತಿರುಗಿಸುವುದು ಕಟ್ಟಕಡೆಯ ಹೆಜ್ಜೆ. ಬಿಡಿ ದರವನ್ನು ಮೊದಲೇ ತಿರುಗಿಸಿ ಎರಡು ದಶಾಂಶಕ್ಕೆ ಕತ್ತರಿಸಿದರೆ ಒಟ್ಟು ತಪ್ಪುತ್ತದೆ. ತಲೆಗೆ ತಿಂಗಳಿಗೆ ₹1,500 ಬಸ್ ಚಾರ್ಜನ್ನು ಯೂರೋಗೆ ₹90ರ ದರವೆಂದು 90ರಿಂದ ಭಾಗಿಸಿ 16.67 ಎಂದು ಬರೆದು, ಆರು ಜನರ ಹನ್ನೆರಡು ತಿಂಗಳಿಗೆ 72ರಿಂದ ಗುಣಿಸಿದರೆ 1,200.24 ಬರುತ್ತದೆ. ಬರಬೇಕಾದದ್ದು 1,200. ಒಂದು ಸಾಲಿನಲ್ಲಿ ಇದು ಏನೂ ಅಲ್ಲ. ಅರವತ್ತು ಸಾಲು ಸೇರಿದಾಗ ಒಟ್ಟು ಏಕೆ ಹೊಂದುತ್ತಿಲ್ಲ ಎಂದು ಒಂದು ದಿನ ಪೂರ್ತಿ ಹುಡುಕುತ್ತೀರಿ.

ಈಗ ಆ ಹಟಮಾರಿ ತಪ್ಪುಕಲ್ಪನೆಗೆ ಬರೋಣ: 'ಬಜೆಟ್ ಒಪ್ಪಿಗೆಯಾದದ್ದು 90ರ ದರದಲ್ಲಿ, ಆದ್ದರಿಂದ ವರದಿಯೂ 90ರಲ್ಲೇ. ದರ ಏರಿ ಹೆಚ್ಚು ರೂಪಾಯಿ ಬಂದರೆ ಅದು ಸಂಸ್ಥೆಯ ಲಾಭ.' ಎರಡೂ ವಾಕ್ಯ ತಪ್ಪು.

ಅನುದಾನ 50,000 ಯೂರೋ, ಬಜೆಟ್ ದರ ₹90, ಅಂದರೆ ಕಾಗದದ ಮೇಲೆ ₹45,00,000. ದರ ಏರಿದೆ ಎಂದುಕೊಳ್ಳಿ. ಮೊದಲ ಕಂತು 30,000 ಯೂರೋ 92ರಲ್ಲಿ ಜಮೆಯಾಗಿ ₹27,60,000 ಬಂತು. ಎರಡನೆಯದು 20,000 ಯೂರೋ 95ರಲ್ಲಿ ₹19,00,000 ಬಂತು. ಒಟ್ಟು ₹46,60,000. ನೀವು ಬಜೆಟ್ಟಿನಂತೆ ₹45,00,000 ಖರ್ಚು ಮಾಡಿ, 90ರಿಂದ ಭಾಗಿಸಿ '50,000 ಯೂರೋ ಪೂರ್ತಿ ಖರ್ಚು' ಎಂದು ವರದಿ ಕೊಟ್ಟಿರಿ. ಆದರೆ ಬ್ಯಾಂಕಿನಲ್ಲಿ ₹1,60,000 ಉಳಿದಿದೆ. ಪೂರ್ತಿ ಖರ್ಚಾದ ಅನುದಾನದಲ್ಲಿ ಹಣ ಉಳಿಯುವುದು ಹೇಗೆ? ಆಡಿಟರ್ ಮೊದಲು ಕೇಳುವುದೇ ಇದನ್ನು.

ಸರಿಯಾದ ಲೆಕ್ಕ ಹೀಗೆ. ಮೊದಲು ಬಂದ ಕಂತು ಮೊದಲು ಖರ್ಚಾಯಿತು ಎಂದು ಹಿಡಿಯಿರಿ. ₹27,60,000 ಅಂದರೆ 30,000 ಯೂರೋ. ಉಳಿದ ₹17,40,000 ಎರಡನೇ ಕಂತಿನದು, 95ರಿಂದ ಭಾಗಿಸಿದರೆ 18,315.79 ಯೂರೋ. ಖರ್ಚು ಒಟ್ಟು 48,315.79, ಉಳಿಕೆ 1,684.21 ಯೂರೋ. ಅದನ್ನು 95ರಿಂದ ಗುಣಿಸಿ ನೋಡಿ, ಬ್ಯಾಂಕಿನಲ್ಲಿರುವ ₹1,60,000 ಸರಿಯಾಗಿ ಬರುತ್ತದೆ.

ದರ ಇಳಿದಾಗ ಈ ತಪ್ಪು ಇನ್ನೂ ದುಬಾರಿ. ಅದೇ ಕಂತುಗಳು 88 ಮತ್ತು 86ರಲ್ಲಿ ಬಂದರೆ ಕೈಗೆ ಸಿಗುವುದು ₹43,60,000. ಅದಷ್ಟನ್ನೂ ಪ್ರಾಮಾಣಿಕವಾಗಿ ಖರ್ಚು ಮಾಡಿ 90ರಲ್ಲಿ ವರದಿ ಕೊಟ್ಟರೆ 48,444.44 ಯೂರೋ ಎಂದಾಗುತ್ತದೆ. ದಾನಿ ಉಳಿದ 1,555.56 ಯೂರೋ ವಾಪಸ್ ಕಳಿಸಿ ಎನ್ನುತ್ತಾರೆ. ಆ ಹಣ ನಿಮ್ಮ ಬಳಿ ಇಲ್ಲ, ಎಂದೂ ಬಂದೇ ಇರಲಿಲ್ಲ.

ಇನ್ನು 'ಲಾಭ'ದ ಮಾತು. ನಮ್ಮಲ್ಲಿ ವಿದೇಶಿ ದೇಣಿಗೆ ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ ಬರುತ್ತದೆ, ನಿಮ್ಮ ಪುಸ್ತಕಕ್ಕೆ ಅದು ರೂಪಾಯಿಯಾಗಿಯೇ ಇಳಿಯುತ್ತದೆ. ನಿಮ್ಮ ಬಳಿ ಯೂರೋ ಇರಲೇ ಇಲ್ಲವೆಂದ ಮೇಲೆ ಯೂರೋ ಏರಿದ ಲಾಭವೂ ಇಲ್ಲ. ಆ ₹1,60,000 ಬಜೆಟ್ ಕಾಗದಕ್ಕೂ ಬ್ಯಾಂಕಿಗೂ ಇರುವ ಅಂತರ ಮಾತ್ರ. ಅದು ಆ ಯೋಜನೆಗೆಂದೇ ಬಂದ ಹಣ. ಅವಧಿ ಮುಗಿಯುವ ಮೊದಲೇ ದಾನಿಗೆ ಬರೆದು, ಯಾವ ಬಾಬ್ತಿಗೆ ಬಳಸಬಹುದು ಎಂದು ಒಪ್ಪಿಗೆ ಪಡೆಯಿರಿ. ಸಾಮಾನ್ಯ ನಿಧಿಗೆ ವರ್ಗಾಯಿಸಬೇಡಿ.

ಹಾಗಾದರೆ ವರದಿಗೆ ಯಾವ ದರ? ಒಪ್ಪಂದದಲ್ಲಿ ಬರೆದದ್ದು. ಕೆಲವರು ಮೇಲೆ ತೋರಿಸಿದಂತೆ ಕಂತು ಜಮೆಯಾದ ದರ ಕೇಳುತ್ತಾರೆ. ಕೆಲವರು ಐರೋಪ್ಯ ಆಯೋಗ ತಿಂಗಳಿಗೊಮ್ಮೆ ಪ್ರಕಟಿಸುವ ಇನ್ಫೊರ್‌ಯೂರೋ ದರ ಕೇಳುತ್ತಾರೆ. ಇನ್ನು ಕೆಲವರಿಗೆ ಖರ್ಚಾದ ತಿಂಗಳ ದರ ಬೇಕು. ಇಬ್ಬರು ದಾನಿಗಳಿಗೆ ಎರಡು ಬೇರೆ ದರದ ನಿಯಮ ಇರುವುದು ಮಾಮೂಲು, ಅದರಲ್ಲಿ ತಪ್ಪೇನಿಲ್ಲ. ಆರು ಜನರ ಅದೇ ತಿಂಗಳ ಸಂಬಳ ಎರಡು ವರದಿಯಲ್ಲಿ ಎರಡು ದರದಲ್ಲಿ ಕಾಣಲಿ, ರೂಪಾಯಿಯ ಮೊತ್ತ ಮಾತ್ರ ಎರಡರಲ್ಲೂ ಲೆಡ್ಜರ್‌ಗೆ ಹೊಂದಬೇಕು. ಅದಕ್ಕೇ ವರದಿಯಲ್ಲಿ ರೂಪಾಯಿಯ ಕಾಲಂ ಒಂದನ್ನು ಉಳಿಸಿಕೊಳ್ಳಿ ಎನ್ನುವುದು. ದಾನಿ ಕೇಳದಿದ್ದರೂ ಇಡಿ. ಜಮೆಯಾದ ದರಕ್ಕೆ ಪುರಾವೆ ಬ್ಯಾಂಕ್ ಕೊಡುವ ಹಣ ಸಂದಾಯದ ಪತ್ರ, ಗೂಗಲ್‌ನಲ್ಲಿ ಆ ದಿನ ಕಂಡ ದರವಲ್ಲ. ಬ್ಯಾಂಕ್ ಕಮಿಷನ್ ಕಡಿದುಕೊಂಡಿದ್ದರೆ ಪೂರ್ತಿ ಮೊತ್ತವನ್ನು ಜಮೆ ತೋರಿಸಿ, ಕಮಿಷನ್ನನ್ನು ಖರ್ಚಿನಲ್ಲಿ ಬೇರೆ ಬರೆಯಿರಿ. ಇಲ್ಲದಿದ್ದರೆ ನಿಮ್ಮ ದರವೇ ತಪ್ಪಾಗುತ್ತದೆ.

ಇದೆಲ್ಲ ನಡೆಯಬೇಕಾದರೆ ಟ್ಯಾಲಿಯಲ್ಲಿ ಪ್ರತಿ ದಾನಿಗೂ ಬೇರೆ ಕಾಸ್ಟ್ ಸೆಂಟರ್ ಇರಬೇಕು. ವೌಚರ್ ಹಾಕುವ ದಿನವೇ ಬಾಬ್ತಿನ ಸಂಖ್ಯೆಯೂ ದಾನಿಯ ಗುರುತೂ ಬೀಳಬೇಕು. ಖಾತೆ ಒಂದೇ ಆಗಿ ಇಬ್ಬರ ರೂಪಾಯಿಯೂ ಬೆರೆತಿರುವುದರಿಂದ, ಯಾರ ಕಂತು ಎಲ್ಲಿಗೆ ಮುಗಿಯಿತು ಎಂದು ಹೇಳಬಲ್ಲದ್ದು ಈ ಗುರುತೊಂದೇ.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ. ಯೂರೋ ನಮೂನೆಯಲ್ಲಿ ಪರೋಕ್ಷ ವೆಚ್ಚಕ್ಕೆ ಹೆಚ್ಚೆಂದರೆ 7%. ಅಮೆರಿಕದ ನಿಯಮದಲ್ಲಿ ಬೇರೆ ದರ ಒಪ್ಪಿಕೊಂಡಿರದ ಸಂಸ್ಥೆಗೆ 15%ವರೆಗೆ. ಎರಡೂ 20%ಗಿಂತ ಕಡಿಮೆ, ಆದ್ದರಿಂದ ಎಫ್‌ಸಿಆರ್‌ಎ ಆಡಳಿತ ವೆಚ್ಚದ ಮಿತಿ ಮೀರುವುದಿಲ್ಲ ಎಂದು ನೆಮ್ಮದಿಯಾಗಿದ್ದೀರಾ? 2020ರ ತಿದ್ದುಪಡಿ 50%ರಿಂದ 20%ಗೆ ಇಳಿಸಿದ ಆ ಮಿತಿಗೆ ಆಡಳಿತ ವೆಚ್ಚ ಎಂದರೇನು ಎಂಬುದನ್ನು ದಾನಿಯ ನಮೂನೆ ಹೇಳುವುದಿಲ್ಲ, ಎಫ್‌ಸಿಆರ್‌ಎ ನಿಯಮಗಳು ಹೇಳುತ್ತವೆ. ಕಚೇರಿ ಬಾಡಿಗೆ, ವಿದ್ಯುತ್ ಬಿಲ್, ವಾಹನ ನಿರ್ವಹಣೆ, ಲೆಕ್ಕಪತ್ರದ ವೆಚ್ಚ, ವರದಿ ಬರೆಯುವ ವೆಚ್ಚ ಎಲ್ಲವೂ ಅಲ್ಲಿ ಆಡಳಿತವೇ. ಯೂರೋ ನಮೂನೆಯಲ್ಲಿ ಕಚೇರಿ ಬಾಡಿಗೆಯೂ ವಾಹನ ವೆಚ್ಚವೂ ನೇರ ವೆಚ್ಚದ ಹೆಡ್‌ನಲ್ಲೇ ಸೇರಿರಬಹುದು. ಶಾಲೆಯ ಶಿಕ್ಷಕರ, ಆಸ್ಪತ್ರೆಯ ವೈದ್ಯರ ಸಂಬಳದಂಥ, ಉದ್ದೇಶಕ್ಕೇ ನೇರವಾಗಿ ಸಲ್ಲುವ ಖರ್ಚು ಆಡಳಿತವಲ್ಲ.

ಹಾಗಾಗಿ ಮೂಲ ಬಜೆಟ್ಟಿಗೆ ಇನ್ನೊಂದು ಕಾಲಂ ಬೇಕು: ಎಫ್‌ಸಿಆರ್‌ಎ ಆಡಳಿತ, ಹೌದು ಅಥವಾ ಇಲ್ಲ. 20% ಲೆಕ್ಕ ಹಾಕುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಬಂದ ವಿದೇಶಿ ದೇಣಿಗೆಯ ಮೇಲೆ, ದಾನಿಯ ಯೋಜನಾ ವರ್ಷದ ಮೇಲಲ್ಲ. ವರ್ಷದಲ್ಲಿ ₹40 ಲಕ್ಷ ಬಂದರೆ ಮಿತಿ ₹8 ಲಕ್ಷ. ಅದರಲ್ಲಿ ₹15 ಲಕ್ಷದ ಕಂತು ಮಾರ್ಚ್ 28ರ ಬದಲು ಏಪ್ರಿಲ್ 3ಕ್ಕೆ ಬಂದರೆ ಆ ವರ್ಷದ ಮಿತಿ ₹5 ಲಕ್ಷಕ್ಕೆ ಇಳಿಯುತ್ತದೆ, ನೀವು ಅದಾಗಲೇ ₹7 ಲಕ್ಷ ಆಡಳಿತಕ್ಕೆ ಖರ್ಚು ಮಾಡಿದ್ದರೂ. ಫೆಬ್ರವರಿಯಲ್ಲೇ ಈ ಕಾಲಂ ಕೂಡಿಸಿ ನೋಡಿ. ಕಂತು ತಡವಾಗುವ ಸೂಚನೆಯಿದ್ದರೆ ಬಿಡುಗಡೆಯ ದಿನಾಂಕದ ಬಗ್ಗೆ ದಾನಿಗೆ ಆಗಲೇ ಬರೆಯಿರಿ.