ಹುಲ್ಲು ಮುಟ್ಟಿ ಬಂದರೆ ತಲೆ ಸರಿಹೋಗುತ್ತಾ?

2022ರ ಅಕ್ಟೋಬರ್‌ನಲ್ಲಿ ಒಬ್ಬ ಮಹಿಳೆ ಟ್ವಿಟರ್‌ನಲ್ಲಿ ತನ್ನ ಒಂದು ಸಣ್ಣ ಖುಷಿಯನ್ನು ಹಂಚಿಕೊಂಡರು. ತಾನೂ ಗಂಡನೂ ದಿನಾ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಮನೆಯ ಕೈತೋಟಕ್ಕೆ ಹೋಗುತ್ತೇವೆ, ಗಂಟೆಗಟ್ಟಲೆ ಕೂತು ಮಾತಾಡುತ್ತೇವೆ, ಮಾತು ಮುಗಿಯುವುದೇ ಇಲ್ಲ ಎಂದು ಬರೆದಿದ್ದರು. ಇಷ್ಟೇ ವಿಷಯ. ಇದಕ್ಕೆ ಬೈಯಲು ಏನಿದೆ ಅಂತ ಎಷ್ಟು ಯೋಚಿಸಿದರೂ ನಮಗೆ ಹೊಳೆಯುವುದು ಕಷ್ಟ. ಆದರೂ ಜನ ಮುಗಿಬಿದ್ದು ಬೈದರು. ಬೆಳಗ್ಗೆ ಎದ್ದು ಕೆಲಸಕ್ಕೆ ಓಡುವವರಿಗೆ ಇದೆಲ್ಲ ಎಲ್ಲಿ ಸಾಧ್ಯ ಎಂದರು. ತೋಟವೇ ಇಲ್ಲದವರ ಗತಿಯೇನು ಎಂದರು. ಇದು ಅನುಕೂಲಸ್ಥರ ಜಂಭ ಎಂದರು. ಬೈದವರ ಮೇಲೆ ಇನ್ನೊಂದು ಗುಂಪು ಬಿತ್ತು. ಇಂಥ ಜಗಳಗಳಲ್ಲಿ ಎರಡನೇ ಗುಂಪಿನ ಕೈಯಲ್ಲಿ ಯಾವಾಗಲೂ ಸಿದ್ಧವಾಗಿರುವ ಮಾತು ಎಂದರೆ ‘ಟಚ್ ಗ್ರಾಸ್’. ಹೋಗಿ ಹುಲ್ಲು ಮುಟ್ಟಿ ಬಾ ಮಾರಾಯ!

ಫೋನ್ ಕೆಳಗಿಟ್ಟು ಸ್ವಲ್ಪ ಹೊರಗೆ ಹೋಗು, ನಿಜವಾದ ಜಗತ್ತು ಬೇರೆ ಥರ ಇದೆ ಎಂಬುದು ಅದರ ಅರ್ಥ. ಕೊರೊನಾ ಕಾಲದ ಆಸುಪಾಸಿನಲ್ಲಿ ಇಂಗ್ಲಿಷ್ ಇಂಟರ್ನೆಟ್‌ನಲ್ಲಿ ಇದು ಜಾಸ್ತಿ ಓಡಾಡತೊಡಗಿತು. ಜೊತೆಗೇ ಬಂದದ್ದು ‘ಕ್ರಾನಿಕಲಿ ಆನ್‌ಲೈನ್’ ಎಂಬ ಗೇಲಿ. ಬಿಟ್ಟೂ ಬಿಡದ ಕಾಯಿಲೆಯ ಹಾಗೆ ಇಂಟರ್ನೆಟ್ ಅಂಟಿಕೊಂಡವನು ಅಂತ. ನಮ್ಮ ಹುಡುಗರೂ ಗೇಮ್ ಆಡುವಾಗ, ಕ್ರಿಕೆಟ್ ಅಭಿಮಾನಿಗಳ ಜಗಳಗಳಲ್ಲಿ, ಇವನ್ನು ಇಂಗ್ಲಿಷಿನಲ್ಲೇ ಎಸೆಯುತ್ತಾರೆ.

ಈ ಎರಡು ಗೇಲಿಗಳು ಒಂದೇ ವಿಷಯದ ಬಗ್ಗೆ ಅಂತ ಅನಿಸುತ್ತದೆ. ಸ್ವಲ್ಪ ಕೆದಕಿದರೆ ಹಾಗಲ್ಲ. ಒಂದು, ರೋಗ ಇಂಥದ್ದು ಅನ್ನುತ್ತದೆ. ಇನ್ನೊಂದು ಮದ್ದು ಹೇಳುತ್ತದೆ. ಅದೃಷ್ಟಕ್ಕೆ ಎರಡನ್ನೂ ವಿಜ್ಞಾನಿಗಳು ಬೇರೆ ಬೇರೆಯಾಗಿ ಅಳೆದು ನೋಡಿದ್ದಾರೆ. ಗೇಲಿ ಮಾಡಿದವರ ಮಾತಿಗೆ ಉತ್ತರ ಕೊಡಬೇಕು ಅಂತ ಅವರು ಹೊರಟವರಲ್ಲ, ಆದರೆ ಉತ್ತರ ಮಾತ್ರ ಚೆನ್ನಾಗಿಯೇ ಸಿಕ್ಕಿದೆ.

ಮೊದಲು ರೋಗ. ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ಕೋಡ್ ಬರೆಯುವವನನ್ನು ಯಾರೂ ಕ್ರಾನಿಕಲಿ ಆನ್‌ಲೈನ್ ಅನ್ನುವುದಿಲ್ಲ. ರಾತ್ರಿಯಿಡೀ ಅಡುಗೆ ವಿಡಿಯೊ ನೋಡುವವರನ್ನೂ ಅನ್ನುವುದಿಲ್ಲ. ಯಾರೋ ತೋಟದಲ್ಲಿ ಕಾಫಿ ಕುಡಿದದ್ದನ್ನು ತನಗೆ ಆದ ಅವಮಾನ ಅಂತ ಓದಿಕೊಂಡವನಿಗೆ ಆ ಹೆಸರು ಸಿಗುತ್ತದೆ. ಅಂದರೆ ಗೇಲಿ ಇರುವುದು ಕಳೆದ ಗಂಟೆಗಳ ಬಗ್ಗೆ ಅಲ್ಲ, ಅಂದಾಜು ತಪ್ಪಿದ ಬಗ್ಗೆ. ಜನ ಎಷ್ಟು ಕೋಪಿಷ್ಠರು, ಯಾವ ವಿಷಯಕ್ಕೆ ಎಷ್ಟು ತೂಕ, ಎದುರಿನವರ ಮಾತಿನ ಹಿಂದೆ ಏನಿದೆ ಎಂಬ ಅಂದಾಜು.

ಅಂದಾಜು ಯಾಕೆ ತಪ್ಪುತ್ತದೆ? ಒಂದು ಕಾರಣ ಬರೀ ಲೆಕ್ಕದ್ದು. ಒಂದು ಟ್ವೀಟ್ ಅನ್ನು ಹತ್ತು ಲಕ್ಷ ಜನ ನೋಡಿದರು ಅಂತ ಇಟ್ಟುಕೊಳ್ಳಿ. ಹತ್ತು ಸಾವಿರಕ್ಕೆ ಒಬ್ಬರಿಗೆ ಮಾತ್ರ ಸಿಟ್ಟು ಬಂತು, ಉಳಿದವರು ಮುಗುಳ್ನಕ್ಕು ಮುಂದೆ ಹೋದರು. ಆದರೂ ಕೆಳಗೆ ನೂರು ಸಿಟ್ಟಿನ ಉತ್ತರ ಬಿದ್ದಿರುತ್ತವೆ. ಮುಗುಳ್ನಗೆ ಎಲ್ಲೂ ದಾಖಲಾಗುವುದಿಲ್ಲ, ಸಿಟ್ಟು ಮಾತ್ರ ಕಾಣುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಅಲ್ಲಿನ ವಯಸ್ಕ ಟ್ವಿಟರ್ ಬಳಕೆದಾರರನ್ನು ಗಮನಿಸಿದಾಗ, ಅತಿ ಹೆಚ್ಚು ಬರೆಯುವ 25% ಜನರೇ 97% ಟ್ವೀಟುಗಳನ್ನು ಬರೆಯುತ್ತಿದ್ದರು. ಉಳಿದ ಮುಕ್ಕಾಲು ಪಾಲು ಜನ ಹೆಚ್ಚುಕಡಿಮೆ ಮೌನ. ಇಡೀ ಊರಿನ ಅಭಿಪ್ರಾಯ ಅಂತ ನಾವು ಓದುತ್ತಿರುವುದು ಮೈಕ್ ಬಿಡದ ಕೆಲವರ ಮಾತನ್ನು.

ಇಷ್ಟೇ ಆಗಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ಕೆಲವರ ಮಾತನ್ನೂ ನಾವು ಸರಿಯಾಗಿ ಓದುವುದಿಲ್ಲ. ಮನಶ್ಶಾಸ್ತ್ರಜ್ಞ ವಿಲಿಯಂ ಬ್ರೇಡಿ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗ್ಗೆಯೇ. ಅವರ ಉಪಾಯ ಸರಳ, ಆದರೆ ಜಾಣತನದ್ದು. ಯಾರಾದರೂ ರಾಜಕೀಯದ ಬಗ್ಗೆ ಟ್ವೀಟ್ ಮಾಡಿದ ಕೂಡಲೇ, ಅವರ ಮನಸ್ಸಿನ ಬಿಸಿ ಆರುವ ಮೊದಲೇ, ನೇರ ಸಂದೇಶ ಕಳಿಸಿ ಕೇಳುವುದು: ಇದನ್ನು ಬರೆಯುವಾಗ ನಿಮಗೆ ಎಷ್ಟು ಸಿಟ್ಟಿತ್ತು? ಆಮೇಲೆ ಅದೇ ಟ್ವೀಟುಗಳನ್ನು ಬೇರೆಯವರಿಗೆ ತೋರಿಸಿ, ಬರೆದವರಿಗೆ ಎಷ್ಟು ಸಿಟ್ಟಿತ್ತು ಅಂತ ಅಂದಾಜು ಮಾಡಿಸಿದರು. ಓದಿದವರ ಅಂದಾಜು ಬರೆದವರ ಉತ್ತರಕ್ಕಿಂತ ಮೇಲೆಯೇ ಇತ್ತು. ಸ್ವಲ್ಪ ಬೇಸರದಲ್ಲಿ ಬರೆದದ್ದು ಓದುವವರಿಗೆ ರೋಷದ ಹಾಗೆ ಕಂಡಿತ್ತು.

ನಮಗೆ ಬೇಕಾದ ಅಂಶ ಇದರೊಳಗೇ ಇದೆ. ರಾಜಕೀಯ ತಿಳಿಯಲು ಸೋಷಿಯಲ್ ಮೀಡಿಯಾವನ್ನೇ ಜಾಸ್ತಿ ನೆಚ್ಚಿಕೊಂಡವರಲ್ಲಿ ಈ ತಪ್ಪು ಇನ್ನೂ ಜಾಸ್ತಿ. ದಿನಾ ನೋಡುವವರಿಗೆ ಅನುಭವ ಹೆಚ್ಚು, ಹಾಗಾಗಿ ಅಂದಾಜು ಹದವಾಗಿರಬೇಕಿತ್ತು ಅಲ್ವಾ? ಆದದ್ದು ತಿರುಗುಮುರುಗು. ಕ್ರಾನಿಕಲಿ ಆನ್‌ಲೈನ್ ಎಂಬ ಬೈಗುಳವನ್ನು ಪ್ರಯೋಗಾಲಯಕ್ಕೆ ತಂದು ಅಳೆದರೆ ಹೀಗೇ ಕಾಣುತ್ತದೇನೋ. ಒಂದು ಎಚ್ಚರಿಕೆ ಮಾತ್ರ ಬೇಕು. ಹೆಚ್ಚು ನೋಡುವುದರಿಂದ ಅಂದಾಜು ಕೆಟ್ಟಿತೋ, ಎಲ್ಲೆಲ್ಲೂ ಸಿಟ್ಟು ಕಾಣುವ ಸ್ವಭಾವದವರೇ ಹೆಚ್ಚು ನೋಡುತ್ತಾರೋ ಎಂಬುದು ಈ ಹೋಲಿಕೆಯಿಂದ ತೀರ್ಮಾನವಾಗುವುದಿಲ್ಲ.

ಈಗ ಮದ್ದಿಗೆ ಬರೋಣ. ಹುಲ್ಲು ಮುಟ್ಟಿದರೆ ಏನಾದರೂ ಆಗುತ್ತಾ?

ಇಂಥ ಪ್ರಶ್ನೆಗೆ ಹತ್ತಿರದ ಪ್ರಯೋಗವೊಂದು 2025ರಲ್ಲಿ ಪಿಎನ್‌ಎಎಸ್ ನೆಕ್ಸಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಅಮೆರಿಕ ಮತ್ತು ಕೆನಡಾದ 467 ಮಂದಿ ಇದರಲ್ಲಿದ್ದರು. ಅವರ ಸ್ಮಾರ್ಟ್‌ಫೋನ್‌ಗಳಿಗೆ ಒಂದು ಆ್ಯಪ್ ಹಾಕಿ, ಎರಡು ವಾರ ಇಂಟರ್ನೆಟ್ ಬಂದ್ ಮಾಡುವುದು ಯೋಜನೆ. ಕರೆ ಮಾಡಬಹುದು, ಎಸ್‌ಎಂಎಸ್ ಕಳಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಬೇಕಾದಷ್ಟು ಬಳಸಬಹುದು. ಫೋನ್ ಮಾತ್ರ ಹಳೇ ಕಾಲದ ಫೋನ್ ಆಗಿಬಿಡುತ್ತದೆ. ಅರ್ಧ ಜನರಿಗೆ ಮೊದಲ ಎರಡು ವಾರ, ಉಳಿದವರಿಗೆ ಆಮೇಲಿನ ಎರಡು ವಾರ. ಹೀಗಾಗಿ ಒಂದು ಗುಂಪು ಇನ್ನೊಂದಕ್ಕೆ ಅಳತೆಗೋಲಾಯಿತು.

ಗಮನವನ್ನು ಅಳೆಯಲು ಅವರು ಬಳಸಿದ ಪರೀಕ್ಷೆ ಮಜವಾಗಿದೆ. ಪರದೆಯ ಮೇಲೆ ಚಿತ್ರಗಳು ಒಂದರೊಳಗೊಂದು ನಿಧಾನ ಕರಗುತ್ತಾ ಹೋಗುತ್ತವೆ. ಹೆಚ್ಚಿನವು ನಗರದ ಚಿತ್ರ, ಅಪರೂಪಕ್ಕೊಂದು ಬೆಟ್ಟ. ನಗರ ಬಂದರೆ ಗುಂಡಿ ಒತ್ತಬೇಕು, ಬೆಟ್ಟ ಬಂದರೆ ಕೈ ಬಿಗಿಹಿಡಿಯಬೇಕು. ಕೈ ಒತ್ತುವುದಕ್ಕೆ ಒಗ್ಗಿಹೋಗಿರುತ್ತದೆ. ಮನಸ್ಸು ಎಲ್ಲೋ ಹೋದ ಕ್ಷಣ ಬೆಟ್ಟಕ್ಕೂ ಒತ್ತಿಬಿಡುತ್ತೇವೆ. ಎಷ್ಟು ಬೆಟ್ಟ ತಪ್ಪಿದವು ಅಂತ ನೋಡಿದರೆ ಗಮನ ಎಷ್ಟು ಸಲ ಜಾರಿತು ಅಂತ ಗೊತ್ತಾಗುತ್ತದೆ. ನಿಮಗೆ ಗಮನ ಹೇಗಿದೆ ಅಂತ ಬಾಯಿಮಾತಲ್ಲಿ ಕೇಳುವುದಕ್ಕಿಂತ ಇದು ಎಷ್ಟೋ ವಾಸಿ, ಯಾಕೆಂದರೆ ಇಲ್ಲಿ ಸುಮ್ನೆ ಚೆನ್ನಾಗಿದೆ ಎಂದುಬಿಡಲು ಆಗುವುದಿಲ್ಲ.

ಎರಡು ವಾರದ ಕೊನೆಗೆ ಫೋನ್ ನೋಡುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ದಿನಕ್ಕೆ ಸುಮಾರು ಐದು ಗಂಟೆಯಿದ್ದದ್ದು ಎರಡೂವರೆ ಗಂಟೆಯ ಆಸುಪಾಸಿಗೆ ಬಂತು. ಮನಸ್ಸಿನ ಆರೋಗ್ಯ, ಬದುಕಿನ ಬಗೆಗಿನ ತೃಪ್ತಿ, ಬೆಟ್ಟದ ಪರೀಕ್ಷೆಯ ಗಮನ, ಮೂರರ ಸರಾಸರಿಯೂ ಸುಧಾರಿಸಿತು. ಮೂರರಲ್ಲಿ ಒಂದಾದರೂ ಮೇಲಾದವರು 91%. ಗಮನದ ಸುಧಾರಣೆ, ವಯಸ್ಸಾಗುತ್ತಾ ಹತ್ತು ವರ್ಷಗಳಲ್ಲಿ ಆಗುವ ಇಳಿಕೆಯಷ್ಟು ದೊಡ್ಡದು ಎಂದು ಸಂಶೋಧಕರು ಹೋಲಿಸಿದ್ದಾರೆ. ಈ ಹೋಲಿಕೆ ಪತ್ರಿಕೆಗಳ ತಲೆಬರಹಕ್ಕೆ ಹೇಳಿಮಾಡಿಸಿದ್ದು, ಆದ್ದರಿಂದ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.

ಉಳಿದ ಸಮಯದಲ್ಲಿ ಜನ ಏನು ಮಾಡಿದರು? ಎದುರೆದುರು ಕೂತು ಹರಟಿದರು, ವ್ಯಾಯಾಮ ಮಾಡಿದರು, ಮರಗಿಡಗಳಿರುವ ಕಡೆ ಹೆಚ್ಚು ಓಡಾಡಿದರು. ಅಂದರೆ ಯಾರೂ ಹುಲ್ಲು ಮುಟ್ಟು ಅಂತ ಹೇಳದೆಯೇ ಹುಲ್ಲಿನ ಹತ್ತಿರ ಹೋದರು. ಗೇಲಿ ಮಾಡುವವರು ಕ್ರಮವನ್ನು ಉಲ್ಟಾ ಹಿಡಿದಿದ್ದಾರೆ ಅಂತ ನನಗೆ ಅನಿಸುವುದು ಇಲ್ಲಿ. ಅವರ ಪ್ರಕಾರ ಹೊರಗೆ ಹೋದರೆ ಇಂಟರ್ನೆಟ್ ಬಿಡುತ್ತದೆ. ಪ್ರಯೋಗದಲ್ಲಿ ಮೊದಲು ಜೇಬಿನ ಇಂಟರ್ನೆಟ್ ಹೋಯಿತು, ಆಮೇಲೆ ಕಾಲು ತಾನಾಗಿ ಹೊರಗೆ ನಡೆಯಿತು. ಜೇಬಲ್ಲಿ ಫೋನ್ ಇಟ್ಟುಕೊಂಡು ಪಾರ್ಕಿನ ಹುಲ್ಲಿನ ಮೇಲೆ ಕೂತು ರೀಲ್ಸ್ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಲಾಲ್‌ಬಾಗ್‌ಗೆ ಒಂದು ಭಾನುವಾರ ಹೋದರೆ ಸಾಕು.

ಇನ್ನೊಂದು ಗಮನಿಸಿ: ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಹಾಗೇ ಇತ್ತು. ಅದನ್ನು ಬಳಸಲು ಒಂದು ಕಡೆ ಹೋಗಿ ಕೂರಬೇಕು, ತೆರೆಯಬೇಕು, ಏನು ಬೇಕು ಅಂತ ಯೋಚಿಸಬೇಕು. ಫೋನಿಗೆ ಅದ್ಯಾವುದೂ ಬೇಡ. ಲಿಫ್ಟ್‌ಗೆ ಕಾಯುವಾಗ, ಹಾಲು ಉಕ್ಕುವ ಮೊದಲು, ಮಾತಿನ ಮಧ್ಯೆ, ಕೈ ತಾನೇ ಹೋಗುತ್ತದೆ. ಅಭ್ಯಾಸದ ಬೇರು ಇರುವುದು ಈ ಚೂರುಪಾರು ಹೊತ್ತುಗಳಲ್ಲಿ. ಅದನ್ನು ಕಿತ್ತದ್ದು ಬಂದ್ ಮಾಡುವ ಆ್ಯಪ್, ಬೈಗುಳವಲ್ಲ.

ಪ್ರಯೋಗಕ್ಕೆ ಹುಳುಕುಗಳೂ ಇವೆ. ತಮ್ಮ ಇಂಟರ್ನೆಟ್ ಬಂದ್ ಆಗಿದೆ ಅಂತ ಭಾಗವಹಿಸಿದವರಿಗೆ ಗೊತ್ತು. ಹಾಗಾಗಿ ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯೇ ಒಂದಿಷ್ಟು ಕೆಲಸ ಮಾಡಿರಬಹುದು. ಬಂದವರೆಲ್ಲ ಫೋನ್ ಬಳಕೆ ತಗ್ಗಿಸಬೇಕು ಅಂತ ಮೊದಲೇ ಮನಸ್ಸಿದ್ದವರು. ಅಂಥವರಲ್ಲೂ ಹದಿನಾಲ್ಕು ದಿನದಲ್ಲಿ ಕನಿಷ್ಠ ಹತ್ತು ದಿನ ಬಂದ್ ಅನ್ನು ತೆಗೆಯದೆ ಇಟ್ಟುಕೊಂಡವರು ಸುಮಾರು ನಾಲ್ಕರಲ್ಲಿ ಒಬ್ಬರು. ಆ್ಯಪ್ ಹಾಕಿಕೊಳ್ಳುವ ಹಂತದಲ್ಲೇ ಎಷ್ಟೋ ಜನ ಹಿಂದೆ ಸರಿದರು. ತಾನೇ ಬಯಸಿ ಬಂದವರ ಕಥೆ ಇದು. ಯಾರೋ ಅಪರಿಚಿತರು ‘ಹುಲ್ಲು ಮುಟ್ಟು’ ಅಂದ ಮಾತ್ರಕ್ಕೆ ಎದ್ದು ಹೋಗುವವರು ಎಷ್ಟಿರಬಹುದು? ಅಲ್ಲದೆ ಹಾಗೆ ಅನ್ನುವವರೂ ಅದೇ ಜಗಳದ ಕೆಳಗೆ ಕೂತೇ ಇರುತ್ತಾರೆ. ಅವರ ಗೇಲಿಯೂ ಇನ್ನೊಂದು ಉತ್ತರವಾಗಿ ಎಣಿಕೆಗೆ ಸೇರುತ್ತದೆ, ಆ ಪೋಸ್ಟ್ ಇನ್ನಷ್ಟು ಜನರ ಫೀಡ್‌ಗೆ ಹೋಗಲು ನೆರವಾಗುತ್ತದೆ.

ಇದೇ ಪ್ರಯೋಗವನ್ನು ಬೆಂಗಳೂರಿನಲ್ಲಿ ಮಾಡಬೇಕೆಂದರೆ ನಿಯಮ ಬದಲಿಸಬೇಕಾದೀತು. ಒಟಿಪಿ ಎಸ್‌ಎಂಎಸ್‌ನಲ್ಲಿ ಬರುವುದರಿಂದ ಅದಕ್ಕೆ ತೊಂದರೆಯಿಲ್ಲ. ಆದರೆ ಎಳನೀರಿನವನ ಗಾಡಿಯಲ್ಲೂ ಕ್ಯೂಆರ್ ಕೋಡ್ ನೇತಾಡುವ ಊರಿದು. ಇಂಟರ್ನೆಟ್ ಇಲ್ಲದೆ ಹಣ ಕಳಿಸಲು `*99#` ಒತ್ತುವ ದಾರಿಯಿದೆ, ಆದರೆ ಹಿಂದೆ ಸಾಲಿನಲ್ಲಿ ನಿಂತವರ ತಾಳ್ಮೆ ಅಷ್ಟು ಹೊತ್ತು ಉಳಿಯುವುದು ಕಷ್ಟ. ಪರದೇಶದಲ್ಲಿರುವ ಮಗಳ ಜೊತೆ ಅಮ್ಮ ಮಾತಾಡುವುದು ವಾಟ್ಸಾಪ್ ಕರೆಯಲ್ಲಿ. ಹಾಗಾಗಿ ಇಲ್ಲಿ ಪೂರ್ತಿ ಬಂದ್ ಮಾಡುವುದಕ್ಕಿಂತ ಪಾವತಿ, ಕರೆ, ನಕ್ಷೆ ಬಿಟ್ಟು ಫೀಡ್ ಇರುವ ಆ್ಯಪ್‌ಗಳನ್ನು ಮಾತ್ರ ತಡೆಯಬೇಕಾಗುತ್ತದೆ. ಅಷ್ಟು ತಡೆದರೂ ಅದೇ ಫಲ ಸಿಗುತ್ತದಾ ಎಂಬ ಪ್ರಶ್ನೆಯನ್ನು ಆ 467 ಜನರ ಪ್ರಯೋಗ ಕೇಳಿರಲಿಲ್ಲ.