ದಿನಕ್ಕೆ ಎಷ್ಟು ಬ್ರೆಡ್ ಮಾರಿದರೆ ನಷ್ಟವಿಲ್ಲ?

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಬೇಕರಿ ಇದೆ. ಬ್ರೆಡ್ ಒಂದನ್ನೇ ಮಾಡಿ ಕಿರಾಣಿ ಅಂಗಡಿಗಳಿಗೆ ಹಾಕುತ್ತೇವೆ. ಒಂದು ಬ್ರೆಡ್ಡಿಗೆ ಅಸಲು 27 ರೂಪಾಯಿ ಬೀಳುತ್ತದೆ, 30ಕ್ಕೆ ಕೊಡುತ್ತೇವೆ, ಅಂದರೆ ಪ್ರತಿ ಬ್ರೆಡ್ಡಿಗೆ 3 ರೂಪಾಯಿ ಲಾಭ. ಹಾಗಾದರೆ ನಮ್ಮ ಬ್ರೇಕ್ ಈವನ್ ಎಷ್ಟು?

ಉತ್ತರ: ಊರಿನ ಹೆಸರು, ಅಂಕಿ ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ ರೂಪದಲ್ಲಿ ಬರುತ್ತಲೇ ಇರುತ್ತದೆ. ಹುಬ್ಬಳ್ಳಿಯಿಂದ ಬಂದ ಪತ್ರದಲ್ಲಿಯೂ ಹಾವೇರಿಯಿಂದ ಬಂದ ಪತ್ರದಲ್ಲಿಯೂ ಆ "ಅಸಲು 27" ಎಂಬಂಥ ಮಾತು ತಪ್ಪದೆ ಇರುತ್ತದೆ, ಮತ್ತು ಎಡವುವುದು ಅಲ್ಲಿಯೇ. ಆದ್ದರಿಂದ ಮೊದಲು ಲೆಕ್ಕವನ್ನು ಸರಿಯಾಗಿ ಮಾಡಿ ತೋರಿಸಿ, ಆಮೇಲೆ ಆ 27 ರೂಪಾಯಿಯ ವಿಚಾರಕ್ಕೆ ಬರುತ್ತೇನೆ. ಕೆಳಗಿನ ದರಗಳನ್ನು ಉದಾಹರಣೆಗಾಗಿ ಇಟ್ಟುಕೊಂಡಿದ್ದೇನೆ, ಅವುಗಳ ಜಾಗದಲ್ಲಿ ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಖರ್ಚುಗಳನ್ನು ಎರಡು ಗುಂಪು ಮಾಡಬೇಕು. ನಾಳೆ ಒಂದು ಬ್ರೆಡ್ ಹೆಚ್ಚಿಗೆ ಮಾಡಿದರೆ ಯಾವ ಖರ್ಚು ಏರುತ್ತದೆಯೋ ಅದು ಬದಲಾಗುವ ವೆಚ್ಚ, ಏರದೆ ಇದ್ದಲ್ಲಿಯೇ ಇರುವುದು ಸ್ಥಿರ ವೆಚ್ಚ. 50 ಕೆಜಿಯ ಒಂದು ಚೀಲ ಮೈದಾದಿಂದ, ಅದಕ್ಕೆ ನೀರು, ಸಕ್ಕರೆ, ಕೊಬ್ಬು, ಈಸ್ಟ್, ಉಪ್ಪು ಸೇರಿ, 400 ಗ್ರಾಂ ತೂಕದ ಸುಮಾರು 190 ಬ್ರೆಡ್ ಬರುತ್ತವೆ. ಬೇಯುವಾಗ ನೀರು ಆರಿ ತೂಕ ಇಳಿಯುವುದರಿಂದ ಪ್ರತಿ ಅಚ್ಚಿಗೆ ಕಲಸಿದ ಹಿಟ್ಟು 450 ಗ್ರಾಂ ಹಾಕಬೇಕೆಂಬುದನ್ನು ಮೇಸ್ತ್ರಿಗಳು ಬಲ್ಲರು. ಈ ಒಂದು ಚೀಲದ ಸಾಮಗ್ರಿಗೆಲ್ಲ 2,660 ರೂಪಾಯಿ ಆದರೆ ಒಂದು ಬ್ರೆಡ್ಡಿಗೆ 14 ರೂಪಾಯಿ ಬೀಳುತ್ತದೆ. ಕವರಿಗೆ ಒಂದೂವರೆ ರೂಪಾಯಿ, ಬೇಯಿಸುವ ಇಂಧನಕ್ಕೆ ಎರಡೂವರೆ ರೂಪಾಯಿ ಸೇರಿಸಿದರೆ ಬದಲಾಗುವ ವೆಚ್ಚ 18 ರೂಪಾಯಿ ಆಯಿತು. ಬ್ರೆಡ್ಡಿನ ಮೇಲೆ ಜಿಎಸ್‌ಟಿ ಇಲ್ಲದ ಕಾರಣ ಅಂಗಡಿಯವರು ಕೊಡುವ 30 ರೂಪಾಯಿ ಪೂರ್ತಿ ತಮ್ಮದೇ. ಆದರೆ ಅದೇ ಕಾರಣಕ್ಕೆ ಕವರಿನ ಮೇಲೆ ತೆತ್ತ ತೆರಿಗೆ ಮರಳಿ ಸಿಗದೆ ಖರ್ಚಿನಲ್ಲಿಯೇ ಉಳಿಯುತ್ತದೆ, ಹಾಗಾಗಿ ಕವರಿನ ದರವನ್ನು ತೆರಿಗೆ ಸಮೇತ ಬರೆದುಕೊಳ್ಳಿ.

ಇನ್ನು ತಿಂಗಳ ಸ್ಥಿರ ವೆಚ್ಚ. ಬಾಡಿಗೆ 12,000, ಮೇಸ್ತ್ರಿಯ ಪಗಾರ 22,000, ಸಹಾಯಕನದು 13,000, ಮಾಲೀಕರ ಸ್ವಂತ ದುಡಿಮೆಗೆ 14,000, ಕರೆಂಟು, ಫೋನು, ಲೈಸೆನ್ಸಿನಂಥವಕ್ಕೆ 3,000. ಭಟ್ಟಿಯನ್ನು ಬೆಳಿಗ್ಗೆ ಕಾಯಿಸುವ ಇಂಧನವೂ ಇಲ್ಲಿಯೇ ಸೇರಬೇಕು, ಏಕೆಂದರೆ ಒಂದು ಟ್ರೇ ಬೇಯಿಸಿದರೂ ಹತ್ತು ಟ್ರೇ ಬೇಯಿಸಿದರೂ ಮೊದಲು ಭಟ್ಟಿ ಕಾಯಲೇಬೇಕು. ಅದಕ್ಕೆ 4,000 ಇಟ್ಟುಕೊಳ್ಳೋಣ. ಭಟ್ಟಿ, ಹಿಟ್ಟು ಕಲಸುವ ಯಂತ್ರ, ಸ್ಲೈಸ್ ಮಾಡುವ ಯಂತ್ರಗಳಿಗೆ 4,80,000 ರೂಪಾಯಿ ಹಾಕಿ ಅವು 10 ವರ್ಷ ಬಾಳುತ್ತವೆ ಎಂದುಕೊಂಡರೆ ತಿಂಗಳ ಸವಕಳಿ 4,000. ಒಟ್ಟು 72,000 ರೂಪಾಯಿ. ಮೇಸ್ತ್ರಿಗೆ ತಿಂಗಳ ಪಗಾರದ ಬದಲು ಚೀಲಕ್ಕೆ ಇಷ್ಟು ಎಂದು ಕೊಡುವ ಪದ್ಧತಿ ತಮ್ಮಲ್ಲಿದ್ದರೆ ಆ ಹಣವನ್ನು ಇಲ್ಲಿಂದ ತೆಗೆದು ಬದಲಾಗುವ ವೆಚ್ಚಕ್ಕೆ ಸೇರಿಸಬೇಕು. ಸ್ವಂತ ದುಡಿಮೆಗೆ ಬೆಲೆ ಕಟ್ಟದೆ ಬಿಡುವವರೂ ಬಹಳ ಇದ್ದಾರೆ. ಹಾಗೆ ಬಿಟ್ಟರೆ ಬರುವ ಅಂಕಿ ಚಿಕ್ಕದಾಗಿ ಸಮಾಧಾನ ಕೊಡುತ್ತದೆ, ಆದರೆ ಆ ಮಟ್ಟದಲ್ಲಿ ಮಾಲೀಕರು ಬೆಳಗಿನ ಜಾವದಿಂದ ಬಿಟ್ಟಿ ದುಡಿಯುತ್ತಿರುತ್ತಾರೆ.

30 ರೂಪಾಯಿಯಲ್ಲಿ 18 ಕಳೆದರೆ 12 ಉಳಿಯುತ್ತದೆ. ಲೆಕ್ಕದವರು ಇದನ್ನು ಕಾಂಟ್ರಿಬ್ಯೂಷನ್ ಎನ್ನುತ್ತಾರೆ. ಪ್ರತಿ ಬ್ರೆಡ್ಡೂ ಈ 12 ರೂಪಾಯಿಯನ್ನು ತಂದು 72,000ದ ಹೊರೆಯನ್ನು ಇಳಿಸುತ್ತ ಹೋಗುತ್ತದೆ. 72,000ವನ್ನು 12ರಿಂದ ಭಾಗಿಸಿದರೆ 6,000 ಬ್ರೆಡ್. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಈ ಮಟ್ಟವೇ ತಿಂಗಳ ಬ್ರೇಕ್ ಈವನ್. ವಾರಕ್ಕೊಂದು ರಜೆ ಬಿಟ್ಟು ತಿಂಗಳಿಗೆ 26 ದಿನ ಭಟ್ಟಿ ಉರಿದರೆ ದಿನಕ್ಕೆ 231. ಹಣದಲ್ಲಿ ಬೇಕಾದರೆ, 30 ರೂಪಾಯಿಯಲ್ಲಿ 12 ಎಂದರೆ ಮಾರಾಟದ ಶೇಕಡಾ 40. 72,000ವನ್ನು 0.40ರಿಂದ ಭಾಗಿಸಿದರೆ 1,80,000 ರೂಪಾಯಿ. 6,000 ಬ್ರೆಡ್ಡನ್ನು 30ರಿಂದ ಗುಣಿಸಿದರೂ ಅದೇ ಮೊತ್ತ ಬರಬೇಕು. ಬಾರದಿದ್ದರೆ ಎಲ್ಲಿಯೋ ತಪ್ಪಿದೆ ಎಂದರ್ಥ. ಗಲ್ಲಾದಲ್ಲಿ 72,000 ಸೇರಿದ ದಿನವೇ ತಿಂಗಳ ಖರ್ಚು ಹುಟ್ಟಿತೆಂದು ಹಿಗ್ಗುವವರು ಈ ಎರಡನೆಯ ಅಂಕಿಯನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಆ ಹೊತ್ತಿಗೆ ಮಾರಿದ್ದು 2,400 ಬ್ರೆಡ್, ಅದರಲ್ಲಿ 43,200 ರೂಪಾಯಿ ಮೈದಾ, ಕವರು, ಇಂಧನಕ್ಕೆ ಹೋಗಿರುತ್ತದೆ. ಬಾಡಿಗೆ, ಪಗಾರಗಳಿಗೆ ಉಳಿದದ್ದು 28,800 ಮಾತ್ರ.

ಈಗ 27 ರೂಪಾಯಿಯ ಅಸಲಿನ ವಿಚಾರ. ಈ ಅಂಕಿ ಹುಟ್ಟಿದ್ದು ಹೇಗೆಂಬುದನ್ನು ಊಹಿಸುವುದು ಕಷ್ಟವಲ್ಲ. ತಾವು ಒಂದು ತಿಂಗಳು 8,000 ಬ್ರೆಡ್ ಮಾರಿದಿರಿ, 72,000ವನ್ನು 8,000ಕ್ಕೆ ಹಂಚಿದಿರಿ, ತಲಾ 9 ರೂಪಾಯಿ ಬಂತು, 18ಕ್ಕೆ ಕೂಡಿಸಿ 27 ಮಾಡಿದಿರಿ. ಆ ತಿಂಗಳಿನ ಮಟ್ಟಿಗೆ ಅದು ಸರಿ, ಲಾಭ 24,000 ಎಂಬುದೂ ಸರಿ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ, ಆ 27 ಬ್ರೆಡ್ಡಿಗೇ ಅಂಟಿಕೊಂಡ ಗುಣವೆಂದು ನಂಬಿದ್ದರಲ್ಲಿ. ಮೈದಾ ಬ್ರೆಡ್ಡಿನ ಒಳಗಿದೆ, ಆದರೆ ಬಾಡಿಗೆ ಬ್ರೆಡ್ಡಿನ ಒಳಗಿಲ್ಲ. ಅದು ಕಟ್ಟಡದ ಮಾಲೀಕರ ಮನೆಬಾಗಿಲಿಗೆ ತಿಂಗಳಿಗೊಮ್ಮೆ ಇಡಿಯಾಗಿ ಹೋಗುತ್ತದೆ, ತಾವು ಎಷ್ಟು ಬ್ರೆಡ್ ಮಾರಿದಿರೆಂದು ಅವರು ಕೇಳುವುದಿಲ್ಲ.

ಮಾರಾಟ ಇಳಿದು ಒಂದು ತಿಂಗಳು 5,000 ಬ್ರೆಡ್ ಮಾತ್ರ ಹೋಯಿತೆನ್ನಿ. ತಮ್ಮ ಲೆಕ್ಕದ ಪ್ರಕಾರ ತಲಾ 3ರಂತೆ 15,000 ರೂಪಾಯಿ ಲಾಭ ಬರಬೇಕು. ವಾಸ್ತವದಲ್ಲಿ 5,000 ಬ್ರೆಡ್ ತಂದದ್ದು ತಲಾ 12ರಂತೆ 60,000, ಕೊಡಬೇಕಾದದ್ದು 72,000, ಆದ್ದರಿಂದ ನಷ್ಟ 12,000. "ಪ್ರತಿ ಬ್ರೆಡ್ಡಿಗೂ ಲಾಭ ಸಿಗುತ್ತಿದೆ, ಆದರೂ ಪಗಾರ ಕೊಡಲು ಕೈಗಡ ಏಕೆ ಬೇಕಾಯಿತು" ಎಂದು ಕೇಳುವವರೆಲ್ಲರ ಸಮಸ್ಯೆ ಇದೇ. ನಡುವಿನ 27,000ದ ವ್ಯತ್ಯಾಸವನ್ನು ಯಾರೂ ಕದ್ದಿಲ್ಲ: ಮಾರದೆ ಹೋದ 3,000 ಬ್ರೆಡ್ಡುಗಳ ಮೇಲೆ ತಲಾ 9 ರೂಪಾಯಿಯಂತೆ ಹೊರಿಸಿದ್ದ ಬಾಡಿಗೆ-ಪಗಾರವನ್ನು ಹೊರುವವರು ಯಾರೂ ಇಲ್ಲದಾಯಿತು, ಅಷ್ಟೆ. ಮಾರಾಟ ಏರಿದಾಗಲೂ ಈ ಲೆಕ್ಕ ಸುಳ್ಳು ಹೇಳುತ್ತದೆ. 10,000 ಬ್ರೆಡ್ ಹೋದರೆ ತಮ್ಮ ಲೆಕ್ಕ 30,000 ಎನ್ನುತ್ತದೆ, ನಿಜವಾದ ಲಾಭ 48,000.

ಬ್ರೇಕ್ ಈವನ್ ಲೆಕ್ಕಕ್ಕೆ ಆ 3 ರೂಪಾಯಿಯನ್ನು ಬಳಸಿದರಂತೂ ಅನರ್ಥವೇ ಆಗುತ್ತದೆ. 72,000ವನ್ನು 3ರಿಂದ ಭಾಗಿಸಿ 24,000 ಬ್ರೆಡ್ ಮಾರಬೇಕೆಂದು ಎದೆಗುಂದಿದವರನ್ನು ಕಂಡಿದ್ದೇನೆ. 30ರಲ್ಲಿ 27 ಕಳೆದಾಗಲೇ ಬಾಡಿಗೆ-ಪಗಾರ ಒಮ್ಮೆ ಕಳೆದುಹೋಗಿದೆ, ಉಳಿದ 3ರಿಂದ ಮತ್ತೆ ಅದೇ ಬಾಡಿಗೆ-ಪಗಾರವನ್ನು ತೀರಿಸಲು ಹೊರಟರೆ ಒಂದೇ ಸಾಲವನ್ನು ಎರಡು ಸಲ ತೀರಿಸಿದಂತೆ. ಇನ್ನೊಂದು ದೋಷ ಇದಕ್ಕಿಂತ ಆಳದ್ದು. ಎಷ್ಟು ಮಾರಬೇಕೆಂದು ತಿಳಿಯುವುದಕ್ಕಾಗಿಯೇ ಈ ಲೆಕ್ಕ ಇದೆ. 27 ಎಂಬ ಅಂಕಿಯಾದರೋ ಎಷ್ಟು ಮಾರುತ್ತೀರೆಂಬುದು ಮೊದಲೇ ಗೊತ್ತಿದ್ದರೆ ಮಾತ್ರ ಹುಟ್ಟುತ್ತದೆ. ಉತ್ತರವನ್ನು ಒಳಗಿಟ್ಟುಕೊಂಡ ಅಂಕಿಯಿಂದ ಉತ್ತರ ಹುಡುಕಲಾಗದು. ನನ್ನ ವಿದ್ಯಾರ್ಥಿಗಳಿಗೆ ಸೂತ್ರ ಮರೆತರೂ ಚಿಂತೆಯಿಲ್ಲ, ಈ ಮಾತನ್ನು ಮರೆಯಬೇಡಿ ಎನ್ನುತ್ತೇನೆ, ಮತ್ತು ಅವರು ಮರೆತಿಲ್ಲ.

6,000 ಎಂಬ ಅಂಕಿಗೂ ಒಂದು ಮಿತಿ ಇದೆ, ಅದನ್ನು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಬೇಯಿಸಿದ್ದೆಲ್ಲ ಮಾರಿಹೋಗುತ್ತದೆ ಎಂದು ಅದು ಭಾವಿಸಿದೆ. ಬ್ರೆಡ್ ಹಾಗಲ್ಲ, ದಿನಾಂಕ ಮೀರಿದ್ದನ್ನು ಅಂಗಡಿಯವರು ಮರಳಿಸುತ್ತಾರೆ. ನೂರು ಬೇಯಿಸಿದರೆ ಐದು ವಾಪಸ್ ಬರುತ್ತವೆ ಎನ್ನಿ. ಆಗ 95 ಬ್ರೆಡ್ಡಿಗೆ 2,850 ರೂಪಾಯಿ ಬರುತ್ತದೆ, ನೂರಕ್ಕೆ 1,800 ಖರ್ಚಾಗಿರುತ್ತದೆ, ಉಳಿದದ್ದು 1,050. ಅಂದರೆ ಬೇಯಿಸಿದ ಒಂದು ಬ್ರೆಡ್ಡಿಗೆ 12ರ ಬದಲು ಹತ್ತೂವರೆ ರೂಪಾಯಿ. ಈಗ 6,858 ಬ್ರೆಡ್ ಬೇಯಿಸಿ 6,515 ಮಾರಿದರೆ ಮಾತ್ರ ಸರಿಹೋಗುತ್ತದೆ, ಮಾರಾಟ 1,95,450 ರೂಪಾಯಿ ಮುಟ್ಟಬೇಕು. ಶೇಕಡಾ 5ರ ವಾಪಸ್ ಮಾಲು ಬ್ರೇಕ್ ಈವನ್ ಮಟ್ಟವನ್ನು ಶೇಕಡಾ 8ಕ್ಕಿಂತ ಹೆಚ್ಚು ಮೇಲಕ್ಕೆ ತಳ್ಳಿತು. ಆದ್ದರಿಂದ ವಾಪಸ್ ಬಂದ ಪ್ಯಾಕೆಟ್‌ಗಳನ್ನು ದಿನವೂ ಎಣಿಸಿ ಬರೆದಿಡಬೇಕು, ಉದ್ರಿ ಪುಸ್ತಕದಲ್ಲಿ ಸುಮ್ಮನೆ ಮೊತ್ತ ಕಳೆದುಬಿಟ್ಟರೆ ಈ ಅಂಕಿ ಎಂದೂ ಸಿಗುವುದಿಲ್ಲ.

ಇದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆಯನ್ನು ತಾವು ಕೇಳಿಲ್ಲ, ಆದರೂ ಅದೇ 27ರ ನಂಬಿಕೆಯಿಂದ ಬೇಕರಿಯವರು ಕೈಬಿಡುವ ವ್ಯಾಪಾರವನ್ನು ನೋಡಿದಾಗ ಹೇಳದೆ ಇರಲಾಗುವುದಿಲ್ಲ. 8,000 ಬ್ರೆಡ್ ಮಾರುತ್ತಿರುವ ತಮ್ಮ ಬಳಿಗೆ ಧಾರವಾಡದ ಒಂದು ಹಾಸ್ಟೆಲ್ಲಿನವರು ಬಂದು, ತಿಂಗಳಿಗೆ 1,000 ಬ್ರೆಡ್ ಬೇಕು, ತಲಾ 25 ಕೊಡುತ್ತೇವೆ, ವಾಪಸ್ ಮಾಡುವುದಿಲ್ಲ, ನಾವೇ ಬಂದು ಒಯ್ಯುತ್ತೇವೆ ಎಂದರು. ಅಸಲೇ 27 ಎಂದು ತಾವು ಅವರನ್ನು ಕಳಿಸಿಬಿಡುತ್ತೀರಿ. ಕಳಿಸಬಾರದು. ಆ ಸಾವಿರ ಬ್ರೆಡ್ಡಿಗಾಗಿ ಬಾಡಿಗೆಯೂ ಏರುವುದಿಲ್ಲ, ಪಗಾರವೂ ಏರುವುದಿಲ್ಲ. ಹೆಚ್ಚಾಗುವ ಖರ್ಚು ತಲಾ 18 ಮಾತ್ರ, ಉಳಿಯುವುದು ತಲಾ 7, ಅಂದರೆ ತಿಂಗಳ ಲಾಭ 24,000ದಿಂದ 31,000ಕ್ಕೆ ಏರುತ್ತದೆ.

ಆದರೆ ಇದಕ್ಕೆ ಎರಡು ಷರತ್ತುಗಳಿವೆ. ಭಟ್ಟಿಯಲ್ಲಿ ಅಷ್ಟು ಜಾಗ ಇರಬೇಕು: ದಿನಕ್ಕೆ 350 ಬೇಯುವ ಭಟ್ಟಿಯಾದರೆ 26 ದಿನಕ್ಕೆ 9,100 ಆಗುತ್ತದೆ, ತಮ್ಮ 8,000ದ ಮೇಲೆ ಇನ್ನೂ 1,000 ಹಿಡಿಯುತ್ತದೆ. ಎರಡನೆಯದು, 25ರ ದರ ಆ ಹಾಸ್ಟೆಲ್ಲಿಗಷ್ಟೇ ನಿಲ್ಲಬೇಕು. ಸುದ್ದಿ ತಿಳಿದು ಕಿರಾಣಿ ಅಂಗಡಿಯವರೆಲ್ಲರೂ ಅದೇ ದರ ಕೇಳಿ, ತಾವು ಒಪ್ಪಿದರೆ, ಪ್ರತಿ ಬ್ರೆಡ್ಡಿನ ಕಾಂಟ್ರಿಬ್ಯೂಷನ್ 7ಕ್ಕೆ ಇಳಿಯುತ್ತದೆ. 72,000ವನ್ನು 7ರಿಂದ ಭಾಗಿಸಿದರೆ 10,286 ಬ್ರೆಡ್. ಅಷ್ಟನ್ನು ತಮ್ಮ ಭಟ್ಟಿ ಬೇಯಿಸಲಾರದು. ದಿನವೂ ತುಂಬಿ ಉರಿದು, ಬೇಯಿಸಿದ 9,100 ಬ್ರೆಡ್ಡೂ ಒಂದೂ ವಾಪಸ್ ಬಾರದಂತೆ ಮಾರಿಹೋದರೂ ಸಿಗುವುದು 63,700 ರೂಪಾಯಿ, ತಿಂಗಳ ಕೊನೆಗೆ 8,300 ರೂಪಾಯಿ ನಷ್ಟ.