ಬಿಸಿಯೂಟದ ರಿವ್ಯೂ: ಆರು ಆಕರಗಳನ್ನೂ ಉಳಿಸಿಕೊಂಡು ಪ್ಯಾರಾ ತಿದ್ದುವುದು

ಬಿಸಿಯೂಟದ ಮೇಲೆ ಪ್ರಬಂಧ ಬರೆಯಲು ನಮ್ಮ ಕಡೆಯವರಿಗೆ ಒಳ್ಳೆಯ ಕಾರಣವಿದೆ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದೇ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಆಗ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯ ಒಳಗೇ ಇತ್ತು. ಹಾಗಾಗಿ ಹಿಂದಿನ ಅಧ್ಯಯನಗಳ ರಿವ್ಯೂ ಪ್ಯಾರಾವನ್ನು ಆಕರ ಕಳೆಯದೆ ತಿದ್ದುವುದು ಹೇಗೆ ಎಂದು ತೋರಿಸುವ ಈ ಟಿಪ್ಪಣಿಗೆ ಅದೇ ವಿಷಯ ಹಿಡಿದಿದ್ದೇನೆ. ಯಾದಗಿರಿಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಮತ್ತು ಹಾಜರಾತಿ ಎಂಬ ಪ್ರಬಂಧ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಓದಿದ ಅಧ್ಯಯನ ಆರು. ಮೊದಲ ಸಲ ಬರೆದಾಗ ಪ್ಯಾರಾ ಸಾಮಾನ್ಯವಾಗಿ ಹೀಗೆ ಬರುತ್ತದೆ:

> ಡ್ರೇಜ್ ಮತ್ತು ಗೋಯಲ್ (2003) ಛತ್ತೀಸ್‌ಗಡ, ರಾಜಸ್ಥಾನ, ಕರ್ನಾಟಕಗಳಲ್ಲಿ ಸಮೀಕ್ಷೆ ಮಾಡಿ ಒಂದನೇ ತರಗತಿಯ ದಾಖಲಾತಿ ಸುಮಾರು 15% ಹೆಚ್ಚಿದೆ ಎಂದರು. ಆಫ್ರಿದಿ (2010) ಮಧ್ಯಪ್ರದೇಶದಲ್ಲಿ ಮಕ್ಕಳ ಪೋಷಕಾಂಶ ಸೇವನೆ ಹೆಚ್ಚಿದೆ ಎಂದರು. ಆಫ್ರಿದಿ (2011) ಒಂದನೇ ತರಗತಿ ಹುಡುಗಿಯರ ಹಾಜರಾತಿ ಏರಿದೆ ಎಂದರು. ಸಿಂಗ್, ಪಾರ್ಕ್ ಮತ್ತು ಡೆರ್ಕನ್ (2014) ಆಂಧ್ರಪ್ರದೇಶದಲ್ಲಿ ಮಕ್ಕಳ ಆರೋಗ್ಯದ ಮೇಲೆ ಊಟದ ಪರಿಣಾಮ ನೋಡಿದರು. ಜಯರಾಮನ್ ಮತ್ತು ಸಿಮ್‌ರಾತ್ (2015) ದಾಖಲಾತಿ ಹೆಚ್ಚಿದೆ ಎಂದರು. ಚಕ್ರಬೋರ್ತಿ ಮತ್ತು ಜಯರಾಮನ್ (2019) ಕಲಿಕೆಯ ಅಂಕ ಹೆಚ್ಚಿದೆ ಎಂದರು.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಗೈಡ್ ಓದಿದರೆ ಹೇಳುವುದು ಇಷ್ಟೇ: "ಇದು ಹಾಜರಿ ಪಟ್ಟಿ ಇದ್ದಂಗ ಅದರೀ. ಇದರಾಗ ನಿಮ್ಮ ಮಾತು ಎಲ್ಲದ?"

ಪಟ್ಟಿಯೋ ಅಲ್ಲವೋ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ವಾಕ್ಯಗಳ ಕ್ರಮ ಅದಲು ಬದಲು ಮಾಡಿ. 2019ರದ್ದನ್ನು ಮೊದಲು ಹಾಕಿ, 2003ರದ್ದನ್ನು ನಡುವೆ ತೂರಿಸಿ. ಅರ್ಥ ಸ್ವಲ್ಪವೂ ಕೆಡದಿದ್ದರೆ ಆ ವಾಕ್ಯಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ ಎಂದಾಯಿತು. ಮೇಲಿನ ಪ್ಯಾರಾ ಈ ಪರೀಕ್ಷೆಯಲ್ಲಿ ಪೂರ್ತಿ ಫೇಲ್.

ಸರಿಪಡಿಸಲು ಹೊರಟವರು ಹೆಚ್ಚಾಗಿ ಮಾಡುವುದು "ಇದೇ ರೀತಿ", "ಮುಂದುವರಿದು", "ಇನ್ನೊಂದೆಡೆ" ಎಂಬ ಪದಗಳನ್ನು ನಡುನಡುವೆ ಸೇರಿಸುವುದು. ಅದರಿಂದ ಏನೂ ಆಗುವುದಿಲ್ಲ. ಸಂಬಂಧ ಇರಬೇಕಾದ್ದು ಅಧ್ಯಯನಗಳ ನಡುವೆ, ಅದನ್ನು ಮೊದಲು ಹುಡುಕಬೇಕು. ವಾಕ್ಯ ಆಮೇಲೆ.

ಹುಡುಕಲು ಒಂದು ಹಾಳೆಯಲ್ಲಿ ಕೋಷ್ಟಕ ಹಾಕಿ. ಪ್ರತಿ ಅಧ್ಯಯನಕ್ಕೂ ಮೂರೇ ಪ್ರಶ್ನೆ: ಏನನ್ನು ಅಳೆದರು? ಯಾವುದನ್ನು ಯಾವುದರ ಜೊತೆ ಹೋಲಿಸಿದರು? ಎಲ್ಲಿ, ಎಷ್ಟು ಕಾಲದ ಮಟ್ಟಿಗೆ? "ತೀರ್ಮಾನ ಏನು" ಎಂಬ ಕಾಲಂ ಬೇಕಂತಲೇ ಕೊನೆಗೆ ಇಡಿ. ತೀರ್ಮಾನವೇ ಮೊದಲು ಕಣ್ಣಿಗೆ ಬಿದ್ದರೆ ಎಲ್ಲವೂ "ಬಿಸಿಯೂಟ ಒಳ್ಳೆಯದು" ಎಂಬ ಒಂದೇ ಮಾತಿನಂತೆ ಕಾಣುತ್ತದೆ.

ಮೊದಲ ಪ್ರಶ್ನೆಯಲ್ಲೇ ಗುಂಪುಗಳು ಬೇರೆಯಾಗುತ್ತವೆ. ದಾಖಲಾತಿ ಅಳೆದವರು ಮೂವರು: ಡ್ರೇಜ್-ಗೋಯಲ್, ಆಫ್ರಿದಿ 2011, ಜಯರಾಮನ್-ಸಿಮ್‌ರಾತ್. ಹಾಜರಾತಿ ಅಳೆದದ್ದು ಆಫ್ರಿದಿ 2011 ಒಂದೇ. ಆಹಾರ ಮತ್ತು ಮೈಬೆಳವಣಿಗೆಯ ಕಡೆ ಆಫ್ರಿದಿ 2010, ಸಿಂಗ್ ಮತ್ತು ಜೊತೆಯವರು. ಕಲಿಕೆಗೆ ಚಕ್ರಬೋರ್ತಿ-ಜಯರಾಮನ್. ಒಂದು ಆಕರ ಎರಡು ಕಡೆ ಬಂದರೆ ತಪ್ಪಿಲ್ಲ, ಬರಲೇಬೇಕು. ಪಟ್ಟಿ ಮಾಡುವಾಗ ನಾವು ಒಬ್ಬರಿಗೆ ಒಂದೇ ವಾಕ್ಯ ಕೊಡುತ್ತೇವೆ, ಆದ್ದರಿಂದ ಅವರ ಅರ್ಧ ಮಾತು ಬಿಟ್ಟುಹೋಗುತ್ತದೆ. ಆಫ್ರಿದಿ 2011ರಲ್ಲಿ ಬಿಟ್ಟುಹೋದ ಆ ಅರ್ಧವೇ ನಮಗೆ ಬೇಕಾದ್ದು: ಹುಡುಗಿಯರ ಹಾಜರಾತಿ ಏರಿತು, ಆದರೆ ದಾಖಲಾತಿಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ.

ಈಗ ದಾಖಲಾತಿ ಸಾಲನ್ನು ಮತ್ತೆ ನೋಡಿ. ಎರಡು ಅಧ್ಯಯನ ಏರಿತು ಅನ್ನುತ್ತವೆ, ಒಂದರಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಪ್ಯಾರಾದ ಜೀವ ಇರುವುದು ಇಲ್ಲೇ. ಇಂಥ ಜಾಗ ಸಿಕ್ಕಾಗ ಸುಮ್ನೆ "ಫಲಿತಾಂಶಗಳು ಭಿನ್ನವಾಗಿವೆ" ಎಂದು ಬರೆದು ದಾಟಿಬಿಡಬೇಡಿ. ಎರಡನೇ, ಮೂರನೇ ಕಾಲಂಗೆ ಹೋಗಿ. ಡ್ರೇಜ್-ಗೋಯಲ್ ಹೋಲಿಸಿದ್ದು ಜುಲೈ 2001 ಮತ್ತು ಜುಲೈ 2002ರ ದಾಖಲಾತಿಯನ್ನು, ಅಂದರೆ ಊಟ ಬರುವ ಮುಂಚೆ ಮತ್ತು ಬಂದ ಮೇಲೆ. ಅದೇ ವರ್ಷ ಬೇರೆ ಏನಾದರೂ ಕಾರಣಕ್ಕೆ ದಾಖಲಾತಿ ಏರಿದ್ದರೆ ಈ ಹೋಲಿಕೆ ಅದನ್ನು ಬೇರ್ಪಡಿಸಲಾರದು. ಜಯರಾಮನ್-ಸಿಮ್‌ರಾತ್ ಹತ್ತಿರ 2002ರಿಂದ 2004ರವರೆಗಿನ ಸುಮಾರು 5 ಲಕ್ಷ ಶಾಲೆಗಳ ಮಾಹಿತಿ ಇತ್ತು. ಸುಪ್ರೀಂ ಕೋರ್ಟ್ 2001ರ ಕೊನೆಯಲ್ಲಿ ಆದೇಶ ಕೊಟ್ಟ ಮೇಲೆ ರಾಜ್ಯಗಳು ಒಂದೇ ದಿನ ಊಟ ಶುರು ಮಾಡಲಿಲ್ಲ, ಒಂದೊಂದು ಒಂದೊಂದು ಹೊತ್ತಿಗೆ ಮಾಡಿದವು. ಅದೂ ಸರ್ಕಾರಿ ಶಾಲೆಗಳಲ್ಲಿ ಮಾತ್ರ, ಖಾಸಗಿಯಲ್ಲಿ ಇಲ್ಲ. ಈ ಹಿಂದು ಮುಂದನ್ನೇ ಹಿಡಿದು ಅವರು ಊಟದ ಪರಿಣಾಮವನ್ನು ಬೇರ್ಪಡಿಸಿದರು. ಆಫ್ರಿದಿ ನೋಡಿದ್ದು ಒಂದೇ ರಾಜ್ಯದ ಗ್ರಾಮೀಣ ಶಾಲೆಗಳನ್ನು, ಊಟ ಬಂದ ಮೇಲಿನ ಕೆಲವೇ ತಿಂಗಳು.

ಹಾಗಾದರೆ ಎರಡೂ ಕಡೆಯವರು ಸರಿ ಇರಬಹುದು. ಮಗುವನ್ನು ಶಾಲೆಗೆ ಹೊಸದಾಗಿ ಸೇರಿಸುವುದು ಹೆಚ್ಚಾಗಿ ವರ್ಷಕ್ಕೊಮ್ಮೆ, ಶಾಲೆ ಶುರುವಾಗುವ ಹೊತ್ತಿಗೆ ನಡೆಯುವ ಕೆಲಸ. ದಿನವೂ ಬರುವುದು, ಬಿಡುವುದು ಮರುದಿನವೇ ಬದಲಾಗಬಹುದು. ಕೆಲವೇ ತಿಂಗಳಲ್ಲಿ ಹಾಜರಾತಿ ಏರಿ ದಾಖಲಾತಿ ಅಲುಗದೆ ಇರುವುದು ಆಶ್ಚರ್ಯವಲ್ಲ. ಆದರೆ ಎಚ್ಚರ: ಈ ವಿವರಣೆ ನಿಮ್ಮದು, ಆ ಅಧ್ಯಯನಗಳಿಂದ ಎತ್ತಿಕೊಂಡದ್ದಲ್ಲ. ಆದ್ದರಿಂದ "ಇರಬಹುದು" ಎಂದೇ ಬರೆಯಬೇಕು. ಆ ವಾಕ್ಯದ ಕೊನೆಗೆ ಯಾರದೇ ಹೆಸರನ್ನು ಆವರಣದಲ್ಲಿ ಹಾಕಬಾರದು. ಹಾಕಿದರೆ ನಿಮ್ಮ ಊಹೆಯನ್ನು ಅವರ ತಲೆಗೆ ಕಟ್ಟಿದ ಹಾಗೆ.

ಬರೆಯಲು ಕೂತಾಗ ಇರುವ ದೊಡ್ಡ ಬಲೆ ಬೇರೆ. "ಬಿಸಿಯೂಟದಿಂದ ಮಕ್ಕಳಿಗೆ ಅನುಕೂಲವಾಗಿದೆ" ಎಂದು ಬರೆದು ಆರೂ ಹೆಸರನ್ನು ಒಂದೇ ಆವರಣದೊಳಗೆ ತುಂಬುವುದು. ಲೆಕ್ಕಕ್ಕೆ ಆಕರ ಒಂದೂ ತಪ್ಪಿಲ್ಲ, ಆದರೆ ಪ್ರತಿಯೊಬ್ಬರೂ ಹೇಳಿದ್ದು ಕಳೆದುಹೋಗಿದೆ. ನನ್ನ ಪ್ರಕಾರ ಇದು ಪಟ್ಟಿಗಿಂತ ಕೆಟ್ಟದ್ದು. ಪಟ್ಟಿಯಲ್ಲಿ ಕನಿಷ್ಠ ಯಾರು ಏನು ಹೇಳಿದರು ಎಂಬುದಾದರೂ ಇತ್ತು.

ದಾರಿ ಇದು: ಪ್ರತಿ ಗುಂಪಿಗೂ ಮೊದಲು ಒಂದು ಹೇಳಿಕೆ ಬರೆಯಿರಿ, ಅದರಲ್ಲಿ ಯಾರ ಹೆಸರೂ ಬೇಡ. ಆಮೇಲೆ ಆ ಹೇಳಿಕೆಯನ್ನು ಹೊರುವ ಅಧ್ಯಯನಗಳನ್ನು, ಅವು ಎಷ್ಟು ಹೊರಬಲ್ಲವೋ ಅಷ್ಟೇ ವಿವರದೊಂದಿಗೆ ತನ್ನಿ. ತಿದ್ದಿದ ಮೇಲೆ:

> ಬಿಸಿಯೂಟ ಮಕ್ಕಳನ್ನು ಶಾಲೆಯ ಕಡೆ ಎಳೆಯುತ್ತದೆ ಎಂಬುದರಲ್ಲಿ ಅಧ್ಯಯನಗಳು ಬಹುಮಟ್ಟಿಗೆ ಒಪ್ಪುತ್ತವೆ, ಆದರೆ ಹೊಸದಾಗಿ ಸೇರುವಂತೆ ಮಾಡುತ್ತದೆಯೋ, ಸೇರಿದವರು ದಿನವೂ ಬರುವಂತೆ ಮಾಡುತ್ತದೆಯೋ ಎಂಬಲ್ಲಿ ಬೇರೆಯಾಗುತ್ತವೆ. ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳಲ್ಲಿ ಊಟಕ್ಕೆ ಮುಂಚಿನ ಮತ್ತು ನಂತರದ ದಾಖಲಾತಿ ಹೋಲಿಸಿದಾಗ ಒಂದನೇ ತರಗತಿಯಲ್ಲಿ ಸುಮಾರು 15% ಏರಿಕೆ ಕಂಡಿತು (ಡ್ರೇಜ್ ಮತ್ತು ಗೋಯಲ್, 2003). ಸುಮಾರು 5 ಲಕ್ಷ ಶಾಲೆಗಳ ಮಾಹಿತಿಯಲ್ಲಿ, ಹೆಚ್ಚು ಬಿಗಿಯಾದ ಹೋಲಿಕೆಯಿಂದಲೂ, ಕೆಳಗಿನ ತರಗತಿಗಳ ದಾಖಲಾತಿ ಏರಿದ್ದು ಕಾಣುತ್ತದೆ (ಜಯರಾಮನ್ ಮತ್ತು ಸಿಮ್‌ರಾತ್, 2015). ಆದರೆ ಮಧ್ಯಪ್ರದೇಶದಲ್ಲಿ, ಕೆಲವು ತಿಂಗಳ ಅವಧಿಯಲ್ಲಿ, ದಾಖಲಾತಿಯ ವ್ಯತ್ಯಾಸ ಗಣನೀಯವಾಗಿರಲಿಲ್ಲ; ಒಂದನೇ ತರಗತಿ ಹುಡುಗಿಯರ ಹಾಜರಾತಿಯಾದರೋ 12 ಶೇಕಡಾ ಅಂಶಕ್ಕಿಂತ ಹೆಚ್ಚು ಏರಿತು (ಆಫ್ರಿದಿ, 2011). ದಾಖಲಾತಿ ಬದಲಾಗಲು ಹೆಚ್ಚು ಕಾಲ ಬೇಕಾಗುವುದು ಈ ಅಂತರಕ್ಕೆ ಕಾರಣವಿರಬಹುದು.
>
> ಬಂದ ಮಗುವಿಗೆ ಏನು ಸಿಗುತ್ತದೆ ಎಂಬುದು ಎಷ್ಟು ಕಾಲ ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ. ಒಂದು ದಿನದ ಲೆಕ್ಕದಲ್ಲಿ, ಶಾಲೆ ಕೊಟ್ಟ ಪೋಷಕಾಂಶದ 49ರಿಂದ 100% ಮಗುವಿನ ಸೇವನೆಗೆ ಹೆಚ್ಚುವರಿಯಾಗಿ ಸೇರಿತು. ಮನೆಯವರು ಅಷ್ಟೂ ಊಟ ಕಡಿತ ಮಾಡಲಿಲ್ಲ (ಆಫ್ರಿದಿ, 2010). ಮೈಬೆಳವಣಿಗೆಯಲ್ಲಿ ದೊಡ್ಡ ಲಾಭ ಕಂಡದ್ದು, ಆಂಧ್ರಪ್ರದೇಶದಲ್ಲಿ, ಬರಕ್ಕೆ ಸಿಕ್ಕ ಕುಟುಂಬಗಳ ಮಕ್ಕಳಲ್ಲಿ (ಸಿಂಗ್ ಮತ್ತು ಇತರರು, 2014). ಕಲಿಕೆಗೆ ಬಂದರೆ, ಐದು ವರ್ಷದವರೆಗೆ ಊಟ ಸಿಕ್ಕ ಮಕ್ಕಳ ಅಂಕ ಸುಮಾರು 10ರಿಂದ 20% ಹೆಚ್ಚಿತು (ಚಕ್ರಬೋರ್ತಿ ಮತ್ತು ಜಯರಾಮನ್, 2019).

ಪ್ಯಾರಾ ಎರಡಾಯಿತು. ಆಗಲಿ ಬಿಡಿ. ಇವು ಎರಡು ಬೇರೆ ಪ್ರಶ್ನೆಗಳು, ಒಂದರಲ್ಲೇ ತುರುಕುವ ಹಟ ಬೇಡ. ಈಗ ಮತ್ತೆ ಅದಲು ಬದಲು ಪರೀಕ್ಷೆ ಮಾಡಿ. "ಆದರೆ" ಎಂದು ಶುರುವಾಗುವ ಮಧ್ಯಪ್ರದೇಶದ ವಾಕ್ಯವನ್ನು ಮೇಲೆ ಹಾಕಿದರೆ ಓದಲೇ ಬರುವುದಿಲ್ಲ. ಪ್ಯಾರಾ ಕೂಡಿಕೊಂಡಿದೆ ಎಂಬುದಕ್ಕೆ ಅದೇ ಗುರುತು.

ಮುಗಿಸುವ ಮುಂಚೆ ಎರಡು ಕಡೆ ಕೈ ಇಟ್ಟು ನೋಡಿ. ಒಂದು, ಆಕರಗಳ ಲೆಕ್ಕ: ಹಳೆಯ ಪ್ಯಾರಾದ ಪ್ರತಿ ಹೆಸರಿಗೂ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಹೊಸದರಲ್ಲಿ ಹುಡುಕಿ. ಆಫ್ರಿದಿಯ ಎರಡು ಪ್ರಬಂಧಗಳು ಇಲ್ಲಿ ಸುಲಭವಾಗಿ ಒಂದಾಗಿಬಿಡುತ್ತವೆ, ವರ್ಷ ನೋಡಿಯೇ ಗೆರೆ ಎಳೆಯಿರಿ. ಇನ್ನೊಂದು, ಕೂಡಿಸುವಾಗ ಮಾತು ಉಬ್ಬಿದೆಯೇ ಎಂಬುದು. 12 ಶೇಕಡಾ ಅಂಶ ಎಂದರೆ ಹಾಜರಾತಿ 60% ಇದ್ದದ್ದು 72% ಆಗುವಂಥ ಏರಿಕೆ. ಅದನ್ನು "12% ಏರಿತು" ಎಂದು ಬರೆದರೆ 60 ಏರಿ ಸುಮಾರು 67 ಆದ ಹಾಗೆ. ಅದೇ ರೀತಿ "ಗಣನೀಯವಾಗಿರಲಿಲ್ಲ" ಎಂಬುದು ಕೂಡಿಸುವ ಭರದಲ್ಲಿ "ಪರಿಣಾಮವೇ ಇಲ್ಲ" ಆಗಿಬಿಡುತ್ತದೆ. ಗಣನೀಯವಲ್ಲ ಎಂದರೆ ಇದೆ ಎಂದು ಖಚಿತವಾಗಿ ಹೇಳಲಾಗದು ಎಂದಷ್ಟೇ. ಸಿಂಗ್ ಮತ್ತು ಜೊತೆಯವರ ಮಾತಿನಿಂದ "ಬರಕ್ಕೆ ಸಿಕ್ಕ" ಎಂಬ ಎರಡು ಪದ ಬಿಟ್ಟರೆ ಅದು ಎಲ್ಲ ಮಕ್ಕಳ ಬಗ್ಗೆ ಹೇಳಿದ ಹಾಗೆ ಕೇಳುತ್ತದೆ. ಬರ ಏನೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ, ಹಾಗಾಗಿ ಆ ಪದಗಳನ್ನು ಬಿಡುವುದು ನಮಗಂತೂ ನಷ್ಟ.

ಹೀಗೆ ಕೂಡಿಸಿದ ಮೇಲೆಯೇ ನಿಮ್ಮ ಅಧ್ಯಯನದ ಜಾಗವೂ ಕಾಣುತ್ತದೆ. ಹಾಜರಾತಿಯ ಸಾಲಿನಲ್ಲಿ ಒಂದೇ ಆಕರ ಇತ್ತು, ಅಲ್ವಾ? ಯಾದಗಿರಿಯಲ್ಲಿ ಅಪ್ಪ ಅಮ್ಮನ ಜೊತೆ ಗುಳೆ ಹೋದ ಮಗುವಿನ ಹೆಸರು ದಾಖಲಾತಿಯಲ್ಲಿ ಇರುತ್ತದೆ, ಮಗು ತರಗತಿಯಲ್ಲಿ ಇರುವುದಿಲ್ಲ. ತೊಗರಿ ಕಟಾವಿನ ಹೊತ್ತಿಗೂ ಇದೇ ಕಥೆ. ದಾಖಲಾತಿ ಮತ್ತು ಹಾಜರಾತಿಯನ್ನು ಬೇರೆ ಬೇರೆಯಾಗಿ ಏಕೆ ನೋಡಬೇಕು ಎಂದು ಕೇಳಿದರೆ ಇದನ್ನೇ ಮೂರನೇ ಪ್ಯಾರಾದಲ್ಲಿ ಹೇಳಿ.

ಆಮೇಲೆ ಏಳನೇ ಆಕರ ಸಿಕ್ಕಿತು ಎನ್ನಿ: ಡ್ರೇಜ್ ಮತ್ತು ಕಿಂಗ್ಡನ್ (2001). ಗ್ರಾಮೀಣ ಉತ್ತರ ಭಾರತದ ಮನೆ ಮನೆ ಸಮೀಕ್ಷೆ, ಕೋರ್ಟ್ ಆದೇಶಕ್ಕಿಂತ ಹಿಂದಿನದು. ಮಕ್ಕಳು, ಅದರಲ್ಲೂ ಹುಡುಗಿಯರು, ಶಾಲೆಗೆ ಹೋಗುವುದಕ್ಕೂ ಬಿಸಿಯೂಟಕ್ಕೂ ಸಂಬಂಧವಿದೆ ಎನ್ನುತ್ತದೆ. ಪ್ಯಾರಾದ ಕೊನೆಗೆ ಅಂಟಿಸುವ ಆಸೆ ಆಗುತ್ತದೆ. ಬೇಡ, ಕೋಷ್ಟಕಕ್ಕೆ ಹಾಕಿ. ಹುಡುಗಿಯರ ವಿಷಯದಲ್ಲಿ ಅದು ಆಫ್ರಿದಿ 2011ರ ಪಕ್ಕ ಕೂರುತ್ತದೆ. ಆದರೆ ಅಲ್ಲಿ ಅಳೆದದ್ದು ಮಗು ಶಾಲೆಗೆ ಹೋಗುತ್ತದೆಯೋ ಇಲ್ಲವೋ ಎಂಬುದನ್ನು, ತಿಂಗಳ ಹಾಜರಾತಿಯನ್ನಲ್ಲ. ಹಾಗಾಗಿ ಆಫ್ರಿದಿ 2011ರ ವಾಕ್ಯದ ನಂತರ ಹೀಗೆ ಬರೆಯಬಹುದು: "ಹುಡುಗಿಯರ ಮೇಲೆ ಪರಿಣಾಮ ಹೆಚ್ಚು ಎಂಬುದು, ಅಳತೆ ಬೇರೆಯಾದರೂ, ಇದಕ್ಕಿಂತ ಹಿಂದಿನ ಮನೆ ಸಮೀಕ್ಷೆಗೂ ಹೊಂದುತ್ತದೆ (ಡ್ರೇಜ್ ಮತ್ತು ಕಿಂಗ್ಡನ್, 2001)."